ಹಸುವಿಗೆ ಎಷ್ಟು ನೀರು, ಎಂಥ ನೀರು? ಹೈನುಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಹೆಚ್ಚಾಗಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಪರಿಸ್ಥಿತಿಗೆ ಸೇರಿದವು. ಅಂದರೆ ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವ ಸೀಮೆ ಹಸು, ಆಳದ ಬೋರ್‌ವೆಲ್ ನೀರು, ರಾಗಿ ಹುಲ್ಲು, ಸ್ವಲ್ಪ ಹಸಿ ಮೇವು. ಲೆಕ್ಕಗಳನ್ನೂ ಅಂಥ ಮನೆಗೆ ಹೊಂದುವ ಹಾಗೆ ಹಾಕಿದ್ದೇವೆ. ಕುರಿ, ಮೇಕೆ, ಕೋಳಿಯ ವಿಷಯ ಕೊನೆಯಲ್ಲಿ ಚಿಕ್ಕದಾಗಿ ಇದೆ.

ನಮ್ಮ ಹಸು ದಿನಕ್ಕೆ 12 ಲೀಟರ್ ಹಾಲು ಕೊಡುತ್ತೆ. ಎಷ್ಟು ನೀರು ಕುಡಿಯಬೇಕು?

ಬೇಸಿಗೆಯಲ್ಲಿ ಸುಮಾರು 70ರಿಂದ 75 ಲೀಟರ್. ಮನೆಯ ಬಕೆಟ್ 15 ಲೀಟರಿನದಾದರೆ ಐದು ತುಂಬಿದ ಬಕೆಟ್.

ಈ ಸಂಖ್ಯೆ ಎಲ್ಲಿಂದ ಬಂತು ಅಂತ ನೋಡೋಣ, ಆಗ ನಿಮ್ಮ ಹಸುವಿಗೆ ನೀವೇ ಲೆಕ್ಕ ಹಾಕಬಹುದು. ಹಾಲು ಕರೆಯುವ ಹಸುವಿಗೆ ಪಶು ಆಹಾರ ತಜ್ಞರು ಬಳಸುವ ಒಂದು ಸೂತ್ರ ಹೀಗಿದೆ. ಮೊದಲು 16 ಲೀಟರ್ ಇಟ್ಟುಕೊಳ್ಳಿ. ತಿನ್ನುವ ಮೇವಿನ ಒಣ ತೂಕದ ಪ್ರತಿ ಕಿಲೋಗೆ 1.6 ಲೀಟರ್ ಸೇರಿಸಿ. ಪ್ರತಿ ಲೀಟರ್ ಹಾಲಿಗೆ 0.9 ಲೀಟರ್ ಸೇರಿಸಿ. ರಾತ್ರಿಯ ಕನಿಷ್ಠ ಉಷ್ಣಾಂಶದ ಪ್ರತಿ ಡಿಗ್ರಿಗೆ 1.2 ಲೀಟರ್ ಸೇರಿಸಿ. ಉಪ್ಪಿನಂಶಕ್ಕೆ ಒಂದು ಲೀಟರ್ ಚಿಲ್ಲರೆ ಸಾಕು.

ಈಗ ನಿಮ್ಮ ಹಸು. 15 ಕಿಲೋ ಸೀಮೆ ಹುಲ್ಲು ಹಾಕಿದರೆ ಅದರಲ್ಲಿ ಒಣ ಅಂಶ ಬರೀ 3 ಕಿಲೋ, ಉಳಿದದ್ದೆಲ್ಲ ನೀರೇ. 5 ಕಿಲೋ ರಾಗಿ ಹುಲ್ಲಿನಲ್ಲಿ ನಾಲ್ಕೂವರೆ, 5 ಕಿಲೋ ಫೀಡ್ಸ್‌ನಲ್ಲಿ ಇನ್ನೊಂದು ನಾಲ್ಕೂವರೆ. ಒಟ್ಟು 12 ಕಿಲೋ ಒಣ ಅಂಶ ಆಯ್ತು, ಅದಕ್ಕೆ ಸುಮಾರು 19 ಲೀಟರ್. 12 ಲೀಟರ್ ಹಾಲಿಗೆ ಹತ್ತಿರ ಹತ್ತಿರ 11. ಏಪ್ರಿಲ್ ರಾತ್ರಿ 22 ಡಿಗ್ರಿ ಇದ್ದರೆ ಅದಕ್ಕೆ 26. ಮೊದಲಿನ 16, ಉಪ್ಪಿನ ಒಂದು ಲೀಟರ್ ಸೇರಿಸಿದರೆ 73 ಲೀಟರ್. ಇದೇ ಹಸುವಿಗೆ ಡಿಸೆಂಬರ್‌ನಲ್ಲಿ, ರಾತ್ರಿ 15 ಡಿಗ್ರಿ ಇದ್ದಾಗ, 65 ಲೀಟರ್ ಆಸುಪಾಸು ಸಾಕಾಗುತ್ತದೆ.

ಒಂದು ಮಾತು. ಇದು ಕುಡಿಯುವ ನೀರಿನ ಲೆಕ್ಕ ಮಾತ್ರ. ಮೇವಿನಲ್ಲಿರುವ 13 ಲೀಟರ್ ನೀರು ಬೇರೆ. ಹಸಿ ಮೇವು ಮುಗಿದು ಪೂರ್ತಿ ರಾಗಿ ಹುಲ್ಲಿಗೆ ಇಳಿದ ದಿನ ಆ 12-13 ಲೀಟರನ್ನೂ ಹಸು ತೊಟ್ಟಿಯಿಂದಲೇ ತುಂಬಿಕೊಳ್ಳಬೇಕು. ಮಾರ್ಚ್‌ನಲ್ಲಿ ಹಾಲು ಇಳಿದಾಗ 'ಹಸಿ ಮೇವಿಲ್ಲ, ಅದಕ್ಕೇ' ಅನ್ನುತ್ತೇವೆ. ಅದು ಸರಿ, ಆದರೆ ಅರ್ಧ ಮಾತ್ರ. ಮೇವು ಬದಲಾದ ದಿನದಿಂದ ಒಂದು ಬಕೆಟ್ ನೀರು ಜಾಸ್ತಿ ಕೊಟ್ವಾ ಅನ್ನೋದು ಇನ್ನರ್ಧ.

ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಬಕೆಟ್‌ನಲ್ಲಿ ಕುಡಿಸ್ತೀವಿ. ಸಾಲಲ್ವಾ?

ಕಡಿಮೆ ಹಾಲಿನ ನಾಟಿ ಹಸುವಿಗೆ ಚಳಿಗಾಲದಲ್ಲಿ ಸಾಲಬಹುದು. 12 ಲೀಟರ್ ಕೊಡುವ ಸೀಮೆ ಹಸುವಿಗೆ ಸಾಲುವುದಿಲ್ಲ.

ಹಸು ಒಂದೇ ಸಲಕ್ಕೆ 70 ಲೀಟರ್ ತುಂಬಿಕೊಳ್ಳುವ ಪ್ರಾಣಿ ಅಲ್ಲ. ಬಿಟ್ಟರೆ ದಿನಕ್ಕೆ ಹತ್ತಾರು ಸಲ ಕುಡಿಯುತ್ತದೆ. ಮೇವು ತಿಂದ ಮೇಲೆ ಒಂದಿಷ್ಟು, ಹಾಲು ಕರೆದ ಮೇಲೆ ಜಾಸ್ತಿ. ಕರೆದು ಬಿಟ್ಟ ಒಂದು ಗಂಟೆಯೊಳಗೆ ಅದು ಕುಡಿಯುವ ವೇಗ ನೋಡಿದ್ದೀರಲ್ಲ, ನಿಮಿಷಕ್ಕೆ ಹತ್ತು ಲೀಟರ್ ದಾಟುತ್ತದೆ. ಆ ಹೊತ್ತಿಗೆ ಸರಿಯಾಗಿ ನಾವು ಕ್ಯಾನ್ ಹಿಡಿದು ಡೇರಿಗೆ ಹೋಗಿರುತ್ತೇವೆ, ಹಸುವಿನ ಮುಂದೆ ನೀರಿರುವುದಿಲ್ಲ.

ನೀರು ಕಡಿಮೆಯಾದರೆ ಮೊದಲು ಇಳಿಯುವುದು ಮೇವು ತಿನ್ನೋದು. ಹೊಟ್ಟೆಯೊಳಗೆ ಒಣ ಹುಲ್ಲು ನೆನೆದು ಕರಗಬೇಕಾದರೆ ನೀರು ಬೇಕು. ಅದಿಲ್ಲದಿದ್ದರೆ ಹಸು ಗೋದಲೆಯಲ್ಲಿ ಹುಲ್ಲು ಉಳಿಸುತ್ತದೆ. ಒಂದೆರಡು ದಿನದಲ್ಲಿ ಹಾಲೂ ಇಳಿಯುತ್ತದೆ. ನಾವು 'ಹುಲ್ಲು ರುಚಿಸ್ತಿಲ್ಲ' ಅಂದುಕೊಂಡು ಬೂಸಾ, ಹಿಂಡಿ ಜಾಸ್ತಿ ಹಾಕುತ್ತೇವೆ. ಖರ್ಚು ಏರುತ್ತದೆ, ಹಾಲು ಏರುವುದಿಲ್ಲ.

ಕೊಟ್ಟಿಗೆಯಲ್ಲಿ ಎರಡು ಹಸುಗಳ ಮಧ್ಯೆ ಒಂದು ಸಿಮೆಂಟ್ ತೊಟ್ಟಿ ಕಟ್ಟಿ, ಫ್ಲೋಟ್ ವಾಲ್ವ್ ಹಾಕಿ, ಮೇಲಿನ ಟ್ಯಾಂಕ್‌ನಿಂದ ಪೈಪ್ ಎಳೆದರೆ ಈ ಸಮಸ್ಯೆ ಮುಗಿಯುತ್ತದೆ. ನೀರು ಇಳಿದಷ್ಟೂ ತಾನೇ ತುಂಬುತ್ತದೆ. ಹಗ್ಗ ಮಾತ್ರ ತೊಟ್ಟಿಯ ತಳದವರೆಗೆ ಬಾಯಿ ಇಡುವಷ್ಟು ಉದ್ದ ಇರಲಿ. ತೊಟ್ಟಿ ತುಂಬಿದ್ದೂ ಹಗ್ಗ ಗಿಡ್ಡ ಆಗಿ ಹಸು ಬಾಯಾರಿ ನಿಂತಿರುವ ಕೊಟ್ಟಿಗೆಗಳು ಬೇಕಾದಷ್ಟಿವೆ.

ನೀರು ಜಾಸ್ತಿ ಕುಡಿದ್ರೆ ಹಾಲು ತೆಳ್ಳಗಾಗಲ್ವಾ? ಡೇರಿಯಲ್ಲಿ ಎಸ್‌ಎನ್‌ಎಫ್, ಅಂದ್ರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಬರಲ್ಲ ಅಂತಾರೆ.

ಆಗಲ್ಲ. ಇದು ಹಳೆಯ ಭಯ, ಇದರಿಂದಲೇ ಎಷ್ಟೋ ಕಡೆ ಹಸುಗಳಿಗೆ ನೀರು ಅಳೆದು ಕೊಡುತ್ತಾರೆ.

ಹಾಲಿನಲ್ಲಿ ಸುಮಾರು ಶೇ. 87 ನೀರೇ ಇರುತ್ತದೆ. ಆದರೆ ಅದನ್ನು ನಿರ್ಧರಿಸುವುದು ಹೊಟ್ಟೆಯಲ್ಲಿರುವ ನೀರಲ್ಲ. ಕೆಚ್ಚಲಿನ ಒಳಗೆ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ತಯಾರಾಗುತ್ತದೆ. ಎಷ್ಟು ಸಕ್ಕರೆ ತಯಾರಾಯಿತೋ ಅದಕ್ಕೆ ತಕ್ಕಷ್ಟು ನೀರನ್ನು ಮಾತ್ರ ಅದು ರಕ್ತದಿಂದ ಎಳೆದುಕೊಳ್ಳುತ್ತದೆ. ಹಸು ಹೆಚ್ಚುವರಿಯಾಗಿ ಕುಡಿದದ್ದು ಗಂಜಲವಾಗಿ ಹೊರಗೆ ಹೋಗುತ್ತದೆ, ಹಾಲಿಗೆ ಬರುವುದಿಲ್ಲ.

ಎಸ್‌ಎನ್‌ಎಫ್ ಇಳಿದಿದ್ದರೆ ಮೇವಿನ ಶಕ್ತಿ, ಪ್ರೋಟೀನ್, ಕೆಚ್ಚಲು ಬಾವು ಇವುಗಳ ಕಡೆ ನೋಡಿ. ನೀರು ಕಡಿಮೆಯಾಗಿ ಮೇವು ಕಡಿಮೆ ತಿಂದರೂ ಎಸ್‌ಎನ್‌ಎಫ್ ಇಳಿಯಬಹುದು. ಅಂದರೆ ಎಸ್‌ಎನ್‌ಎಫ್ ಉಳಿಸೋಕೆ ಅಂತ ನೀರು ಕಡಿತ ಮಾಡಿದರೆ ಅದೇ ಉಲ್ಟಾ ಹೊಡೆಯುತ್ತದೆ.

ನಮ್ಮ ಹಸು ಎಷ್ಟು ಕುಡೀತಿದೆ ಅಂತ ಅಳೆಯೋದು ಹೇಗೆ?

ಒಂದು ಪೂರ್ತಿ ಹಗಲು, ಒಂದು ಪೂರ್ತಿ ರಾತ್ರಿ ಎಣಿಸಿ, ಸಾಕು. ಬಕೆಟ್ಟಿನ ಒಳಗೆ ಲೀಟರಿಗೊಂದು ಗೆರೆ ಹಾಕಿಕೊಳ್ಳಿ. ಪ್ರತಿ ಸಲ ಇಟ್ಟದ್ದೆಷ್ಟು, ಉಳಿದದ್ದೆಷ್ಟು ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಬಾನಿಯಲ್ಲಿ ಕೊಡುವ ಕಲಗಚ್ಚನ್ನೂ ಲೆಕ್ಕಕ್ಕೆ ಸೇರಿಸಿ. ಮುಖ್ಯ ಸಂಗತಿ: ಬಕೆಟ್ ಪೂರ್ತಿ ಖಾಲಿ ಆದರೆ ಹಸುವಿಗೆ ಸಾಕಾಯಿತು ಅಂತ ಅರ್ಥವಲ್ಲ. ಸ್ವಲ್ಪ ಉಳಿಸಿದಾಗ ಮಾತ್ರ ಸಾಕಾಯಿತು ಅಂತ ಹೇಳಬಹುದು.

ನೀರು ಸಾಲುತ್ತಿಲ್ಲ ಅನ್ನುವುದಕ್ಕೆ ಅಳೆಯದೆಯೂ ಕೆಲವು ಗುರುತು ಸಿಗುತ್ತವೆ. ಸಗಣಿ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಗಂಜಲ ಕಡಿಮೆ, ಬಣ್ಣ ದಟ್ಟ. ಪಕ್ಕದ ಹಸುವಿನ ಗಂಜಲಕ್ಕೆ ನಾಲಿಗೆ ಚಾಚುತ್ತದೆ, ಇದು ಉಪ್ಪಿನ ಕೊರತೆಯಿಂದಲೂ ಇರಬಹುದು. ಕುತ್ತಿಗೆಯ ಚರ್ಮ ಹಿಡಿದು ಎಳೆದು ಬಿಟ್ಟರೆ ತಕ್ಷಣ ಮೊದಲಿನಂತಾಗದೆ ನಿಧಾನವಾಗಿ ಕೂರುತ್ತದೆ. ಕಣ್ಣು ಒಳಗೆ ಹೋಗಿದ್ದರೆ ಅದು ಬಾಯಾರಿಕೆ ದಾಟಿದ ಹಂತ, ಡಾಕ್ಟರನ್ನು ಕರೆಯಬೇಕು.

ತೊಟ್ಟಿಯಲ್ಲಿ ನೀರಿದ್ರೂ ಮಧ್ಯಾಹ್ನ ಕುಡಿಯಲ್ಲ. ಏಕೆ?

ಕೈ ಅದ್ದಿ ನೋಡಿ. ತಾರಸಿಯ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕ್, ಬಿಸಿಲಲ್ಲಿ ಬಿದ್ದ ಕಪ್ಪು ಪೈಪ್. ಮಧ್ಯಾಹ್ನ ಮೊದಲು ಬರುವ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ. ಸೆಕೆಗೆ ಏದುಸಿರು ಬಿಡುತ್ತಾ ನಿಂತ ಹಸುವಿಗೆ ಮೈ ತಂಪು ಮಾಡಿಕೊಳ್ಳಲು ತಣ್ಣೀರೇ ಆಸರೆ. ಟ್ಯಾಂಕ್‌ಗೆ ತೆಂಗಿನ ಗರಿ ಅಥವಾ ಶೇಡ್‌ನೆಟ್ ನೆರಳು ಮಾಡಿ, ಪೈಪನ್ನು ಒಂದಡಿ ಮಣ್ಣಲ್ಲಿ ಹೂಳಿ. ವ್ಯತ್ಯಾಸ ಅದೇ ವಾರದಲ್ಲಿ ಗೊತ್ತಾಗುತ್ತದೆ.

ಬಿಸಿ ಇಲ್ಲದೆಯೂ ಕುಡಿಯುತ್ತಿಲ್ಲವಾದರೆ ವಾಸನೆ ನೋಡಿ. ಕಬ್ಬಿಣದ ವಾಸನೆ, ತೊಟ್ಟಿಯ ತಳದ ಲೋಳೆ, ಬಿದ್ದ ಫೀಡ್ಸ್ ಹುಳಿತ ನಾತ, ಇವನ್ನು ಹಸು ನಮಗಿಂತ ಬೇಗ ಹಿಡಿಯುತ್ತದೆ.

ಕರು ಹಾಲು ಕುಡೀತಿದೆಯಲ್ಲ, ಅದಕ್ಕೆ ಬೇರೆ ನೀರು ಯಾಕೆ?

ಹಾಲು ಹೋಗುವ ದಾರಿಯೇ ಬೇರೆ. ಕರು ಹಾಲು ಚೀಪಿದಾಗ ಅದು ಒಂದು ಕಾಲುವೆಯಂಥ ಮಡಿಕೆಯಲ್ಲಿ ಹರಿದು, ದೊಡ್ಡ ಹೊಟ್ಟೆಯನ್ನು ತಪ್ಪಿಸಿ, ನೇರ ನಾಲ್ಕನೆಯ ಹೊಟ್ಟೆಗೆ ಹೋಗುತ್ತದೆ. ಸುಮ್ನೆ ಕುಡಿದ ನೀರು ಮಾತ್ರ ದೊಡ್ಡ ಹೊಟ್ಟೆ ಸೇರುತ್ತದೆ. ಕರು ಫೀಡ್ಸ್ ಅರಗಿಸುವ ಸೂಕ್ಷ್ಮಜೀವಿಗಳು ಬೆಳೆಯಬೇಕಾದದ್ದು ಅಲ್ಲೇ, ನೀರಿಲ್ಲದೆ ಅವು ಬೆಳೆಯುವುದಿಲ್ಲ.

ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಾಲು ಕುಡಿಯುವ ಕೆಲವು ಕರುಗಳಿಗೆ ನೀರು ಇಟ್ಟರು, ಕೆಲವಕ್ಕೆ ಇಡಲಿಲ್ಲ. ನೀರು ಸಿಗದ ಕರುಗಳು ಶೇ. 31ರಷ್ಟು ಕಡಿಮೆ ಕರು ಆಹಾರ ತಿಂದವು, ತೂಕ ಏರಿದ್ದು ಶೇ. 38ರಷ್ಟು ಕಡಿಮೆ. ಎರಡು ಗುಂಪಿಗೂ ಹಾಲು ಸಿಗುತ್ತಿತ್ತು.

ಹುಟ್ಟಿದ ಮೊದಲ ವಾರದಿಂದಲೇ ಒಂದು ಸಣ್ಣ ಬಕೆಟ್ ಇಡಿ. ಮೊದಲು ಒಂದೆರಡು ಲೀಟರ್ ಕುಡಿದರೆ ಹೆಚ್ಚು. ಕರು ಆಹಾರದ ಬುಟ್ಟಿಯಿಂದ ಸ್ವಲ್ಪ ದೂರ ಇಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಬಾಯಿಂದ ಬಾಯಿಗೆ ಎರಡೂ ಕಲಸಿ ಕೆಡುತ್ತವೆ. ಭೇದಿ ಇರುವ ಕರುವಿಗೆ ನೀರು ನಿಲ್ಲಿಸುವ ಪದ್ಧತಿ ಇನ್ನೂ ಇದೆ. ದಯವಿಟ್ಟು ಬೇಡ. ಭೇದಿಯಲ್ಲಿ ಕರು ಸಾಯುವುದು ಹೆಚ್ಚಾಗಿ ಮೈಯ ನೀರು, ಲವಣ ಖಾಲಿಯಾಗಿಯೇ.

ನಮ್ಮ ಬೋರ್ ನೀರು ತುಂಬಾ ಗಡಸು. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತೆ. ಹಾಲು ಕಡಿಮೆಯಾಗೋದು ಇದಕ್ಕೇನಾ?

ಗಡಸುತನ ಒಂದೇ ಕಾರಣಕ್ಕೆ ಅಲ್ಲ. ಗಡಸು ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದೆ ಅಂತ. ಅದರಿಂದ ಪೈಪ್ ಕಟ್ಟುತ್ತದೆ, ಹೀಟರ್ ಹಾಳಾಗುತ್ತದೆ, ಹಾಲು ಕರೆಯುವ ಯಂತ್ರ ತೊಳೆದರೂ ಸರಿಯಾಗಿ ಸ್ವಚ್ಛವಾಗುವುದಿಲ್ಲ. ಹಸುವಿನ ಹಾಲಿಗೆ ಅದರಿಂದ ನೇರ ತೊಂದರೆ ಇಲ್ಲ. ಜನ ಬಿಳಿ ಪೊರೆಗೆ ಹೆದರುತ್ತಾರೆ, ಕಣ್ಣಿಗೆ ಕಾಣದ ನೈಟ್ರೇಟ್‌ಗೆ, ಫ್ಲೋರೈಡ್‌ಗೆ ಹೆದರುವುದಿಲ್ಲ.

ಟಿಡಿಎಸ್ ಮೀಟರ್ ಇದೆ. ಎಷ್ಟು ಬಂದರೆ ಸರಿ?

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣ. ಲೀಟರಿಗೆ 1000 ಮಿಲಿಗ್ರಾಂ ಒಳಗಿದ್ದರೆ ಹಸುವಿಗೆ ಯೋಚನೆ ಬೇಡ. 1000ದಿಂದ 3000 ಇದ್ದರೂ ಕುಡಿಸಬಹುದು. ಹೊಸದಾಗಿ ತಂದ ಹಸುವಿಗೆ ಮೊದಲ ಕೆಲವು ದಿನ ಸಗಣಿ ತೆಳ್ಳಗಾಗಬಹುದು, ಅಷ್ಟೆ. 3000 ದಾಟಿದರೆ ಕುಡಿಯಲು ಹಿಂದೇಟು ಹಾಕುತ್ತದೆ, ಭೇದಿಯೂ ಆಗಬಹುದು, ಹಾಲಿನ ಮೇಲೆ ಅದರ ಪರಿಣಾಮ ಕಾಣತೊಡಗುತ್ತದೆ. 5000 ದಾಟಿದ್ದನ್ನು ಗಬ್ಬದ ಹಸುವಿಗೂ ಕರೆಯುವ ಹಸುವಿಗೂ ಕೊಡಬಾರದು. 7000 ಮೇಲೆ ಯಾವುದಕ್ಕೂ ಬೇಡ.

ಆದರೆ ಮೀಟರ್ ತೋರಿಸುವುದು ಒಟ್ಟು ಎಷ್ಟು ಅಂತ ಮಾತ್ರ, ಏನು ಅಂತಲ್ಲ. 800 ತೋರಿಸಿದ ನೀರಿನಲ್ಲಿ ಫ್ಲೋರೈಡ್ 3 ಇರಬಹುದು. ಅದಕ್ಕೆ ಒಮ್ಮೆಯಾದರೂ ಲ್ಯಾಬ್ ಪರೀಕ್ಷೆ ಬೇಕು. ಜಿಲ್ಲೆ, ತಾಲ್ಲೂಕುಗಳಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ. ಮೋಟಾರ್ ಹತ್ತು ನಿಮಿಷ ಓಡಿಸಿದ ಮೇಲೆ, ಸ್ವಚ್ಛ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಿಸಿ, ಒಂದು ಲೀಟರ್ ಹಿಡಿಯಿರಿ. ಬೇಸಿಗೆಯ ಕೊನೆಯಲ್ಲಿ, ನೀರು ಆಳಕ್ಕೆ ಇಳಿದಾಗ ಮಾಡಿಸಿದ ಪರೀಕ್ಷೆಯೇ ಹೆಚ್ಚು ಉಪಯೋಗ.

ವರದಿ ಬಂತು. ಹೇಗೆ ಓದಬೇಕು?

ಒಂದು ಮಾದರಿ ವರದಿ ಇಟ್ಟುಕೊಳ್ಳೋಣ. ಟಿಡಿಎಸ್ 1400, ಗಡಸುತನ 700, ಸಲ್ಫೇಟ್ 180, ನೈಟ್ರೇಟ್ 110, ಫ್ಲೋರೈಡ್ 2.4. ಎಲ್ಲವೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ.

ಟಿಡಿಎಸ್, ಗಡಸುತನ ಮನುಷ್ಯರಿಗೆ ಜಾಸ್ತಿ, ಹಸುವಿಗೆ ನಡೆಯುತ್ತದೆ. ಸಲ್ಫೇಟ್ ಕರುಗಳಿಗೆ 500, ದೊಡ್ಡ ದನಗಳಿಗೆ 1000 ದಾಟಬಾರದು. 180 ತೊಂದರೆಯಿಲ್ಲ. ಜಾಸ್ತಿ ಇದ್ದಿದ್ದರೆ ಮೇವಿನಲ್ಲಿರುವ ತಾಮ್ರ ಮೈಗೆ ಹತ್ತದೆ ಕೂದಲು ಬಣ್ಣಗೆಡುವುದು, ಬೆದೆಗೆ ಬಾರದಿರುವುದು ಶುರುವಾಗುತ್ತಿತ್ತು.

ನೈಟ್ರೇಟ್ 110 ಗಮನಿಸಬೇಕಾದದ್ದು. 45ರ ಒಳಗೆ ನಿಶ್ಚಿಂತೆ. 45ರಿಂದ 132ರ ತನಕ, ಮೇವಿನಲ್ಲಿ ನೈಟ್ರೇಟ್ ಕಡಿಮೆ ಇದ್ದರೆ ಮಾತ್ರ ಕುಡಿಸಬಹುದು. ಅದು ದಾಟಿದರೆ ದಿನವೂ ಕುಡಿಸುವುದು ಅಪಾಯ. 220 ದಾಟಿದರೆ ಸಾವೂ ಸಂಭವಿಸಬಹುದು. ತೊಡಕು ಇರುವುದು ಇಲ್ಲೇ. ಮಳೆ ಕೈಕೊಟ್ಟು ಬಾಡಿದ, ಯೂರಿಯಾ ಹಾಕಿದ ಹಸಿ ಜೋಳದಲ್ಲೂ ನೈಟ್ರೇಟ್ ತುಂಬಿರುತ್ತದೆ. ನೀರಿನದ್ದು, ಮೇವಿನದ್ದು ಒಂದೇ ದಿನ ಸೇರಿದರೆ ಹಸುವಿನ ದೊಡ್ಡ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕೆ ಇಳಿಯುತ್ತದೆ, ರಕ್ತ ಆಮ್ಲಜನಕ ಹೊರಲಾರದೆ ಹೋಗುತ್ತದೆ. ಏದುಸಿರು, ತೂರಾಟ, ವಸಡು ಕಂದು ನೀಲಿ, ರಕ್ತ ಚಾಕಲೇಟ್ ಬಣ್ಣ. ಡಾಕ್ಟರ್ ಬೇಗ ಬಂದು ಮೆಥಿಲೀನ್ ಬ್ಲೂ ಇಂಜೆಕ್ಷನ್ ಕೊಟ್ಟರೆ ಉಳಿಯುತ್ತದೆ. ಕಾಯಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಇನ್ನೊಂದು: ಕೆಲವು ಲ್ಯಾಬ್‌ಗಳು ನೈಟ್ರೇಟನ್ನು 'ನೈಟ್ರೋಜನ್ ಲೆಕ್ಕದಲ್ಲಿ' ಬರೆಯುತ್ತವೆ. ಹಾಗಿದ್ದರೆ ಆ ಸಂಖ್ಯೆಯನ್ನು 4.4ರಿಂದ ಗುಣಿಸಿದ ಮೇಲೆ ಮೇಲಿನ ಮಿತಿಗಳ ಜೊತೆ ಹೋಲಿಸಿ.

ಫ್ಲೋರೈಡ್ 2.4 ಜಾನುವಾರಿನ ಮಿತಿಯಾದ 2ನ್ನು ದಾಟಿದೆ. ಇದು ಇವತ್ತು ನಾಳೆ ಹಾಲು ಇಳಿಸುವುದಿಲ್ಲ. ಏಟು ಬೀಳುವುದು ಹಲ್ಲು ಬೆಳೆಯುತ್ತಿರುವ ಕರು, ಪಡ್ಡೆಗಳಿಗೆ. ಹೊಸದಾಗಿ ಬರುವ ಹಲ್ಲಿನಲ್ಲಿ ಕಂದು ಪಟ್ಟೆ, ಸುಣ್ಣದಂಥ ಮಚ್ಚೆ ಕಾಣುತ್ತದೆ. ಆಮೇಲೆ ಹಲ್ಲು ಬೇಗ ಸವೆದು ಏರುಪೇರಾಗುತ್ತದೆ. ಒಣ ಹುಲ್ಲು ಅಗಿಯಲಾರದೆ ಬಾಯಿಂದ ಉದುರಿಸುತ್ತದೆ. ತಣ್ಣೀರು ಹಲ್ಲಿಗೆ ಜುಮ್ಮೆನ್ನುವುದರಿಂದ ಕೆಲವು ಹಸುಗಳು ಹೀರುವ ಬದಲು ನಾಯಿಯ ಹಾಗೆ ನಾಲಿಗೆಯಲ್ಲಿ ನೆಕ್ಕಿ ಕುಡಿಯುತ್ತವೆ. ನೋಡಿದವರು ಮರೆಯುವ ದೃಶ್ಯ ಅಲ್ಲ ಅದು. ಫ್ಲೋರೈಡ್ ತುಂಬಾ ಜಾಸ್ತಿಯಾದರೆ ಮೂಳೆಯೂ ಬೆಳೆದು ಕುಂಟು ಬರುತ್ತದೆ. ಹಾಲಿಗೆ ಮಾತ್ರ ಫ್ಲೋರೈಡ್ ಬಹಳ ಕಡಿಮೆ ಇಳಿಯುತ್ತದೆ.

ಹಾಗಾದರೆ ಈ ಮನೆಯಲ್ಲಿ ಏನು ಮಾಡಬೇಕು? ಮಳೆ ನೀರು ಬೆರೆಸುವುದೇ ಅಗ್ಗದ ದಾರಿ. ಕೊಟ್ಟಿಗೆಯ ಶೀಟಿನಿಂದ ಹಿಡಿದ ಮಳೆ ನೀರಿನಲ್ಲಿ ಇವೆರಡೂ ಹೆಚ್ಚುಕಡಿಮೆ ಇರುವುದೇ ಇಲ್ಲ. ಅರ್ಧಕ್ಕರ್ಧ ಬೆರೆಸಿದರೆ ಫ್ಲೋರೈಡ್ 1.2ಕ್ಕೆ, ನೈಟ್ರೇಟ್ 55ಕ್ಕೆ ಇಳಿಯುತ್ತದೆ. ಎಲ್ಲ ಹಸುಗಳಿಗೂ ಸಾಲುವಷ್ಟು ಇಲ್ಲದಿದ್ದರೆ ಮೊದಲ ಪಾಲು ಕರು, ಪಡ್ಡೆಗಳಿಗೆ. ಎರಡು ಪಡ್ಡೆಗೆ ದಿನಕ್ಕೆ 25 ಲೀಟರಿನಂತೆ 50 ಲೀಟರ್ ಬೇಕು, ಅದರಲ್ಲಿ ಮಳೆ ನೀರು 25. ಮಳೆಯಿಲ್ಲದ 150 ದಿನಕ್ಕೆ 3,750 ಲೀಟರ್. 2000 ಲೀಟರಿನ ಎರಡು ಟ್ಯಾಂಕ್‌ನಲ್ಲಿ ಆಗುವ ಕೆಲಸ.

ಊರಿನ ಶುದ್ಧ ನೀರಿನ ಘಟಕದ ವೇಸ್ಟ್ ನೀರು ಹಸುಗಳ ತೊಟ್ಟಿಗೆ ಬಿಡ್ತಾರೆ. ತೊಂದರೆ ಇದೆಯಾ?

ಇದೆ. ಆರ್‌ಒ ಯಂತ್ರ ಉಪ್ಪನ್ನು ಸುಟ್ಟು ಹಾಕುವುದಿಲ್ಲ, ಒಂದು ಪೈಪಿನಿಂದ ತೆಗೆದು ಇನ್ನೊಂದು ಪೈಪಿಗೆ ತಳ್ಳುತ್ತದೆ. ಮೇಲಿನ ವರದಿಯ ನೀರನ್ನೇ ತೆಗೆದುಕೊಳ್ಳಿ. ನೂರು ಲೀಟರ್ ಹಾಕಿ ಐವತ್ತು ಲೀಟರ್ ಶುದ್ಧ ನೀರು ತೆಗೆದರೆ, ಉಳಿದ ಐವತ್ತರಲ್ಲಿ ಎಲ್ಲವೂ ಹತ್ತಿರ ಹತ್ತಿರ ದುಪ್ಪಟ್ಟು: ಟಿಡಿಎಸ್ 2700ರ ಆಸುಪಾಸು, ಫ್ಲೋರೈಡ್ 4 ದಾಟುತ್ತದೆ, ನೈಟ್ರೇಟ್ 200ರ ಹತ್ತಿರ. ಮನೆಯವರು ಫ್ಲೋರೈಡ್ ಬೇಡ ಅಂತ ಕ್ಯಾನ್ ತಂದು, ತೆಗೆದ ಫ್ಲೋರೈಡನ್ನು ಕರುವಿಗೆ ಕುಡಿಸಿದ ಹಾಗಾಯ್ತು. ಆ ನೀರು ನೆಲ ತೊಳೆಯಲು ಇರಲಿ.

ಕೆರೆ ನೀರು ಬೋರ್ ನೀರಿಗಿಂತ ಒಳ್ಳೆಯದಲ್ವಾ?

ಫ್ಲೋರೈಡ್, ಲವಣದ ವಿಷಯದಲ್ಲಿ ಸಾಮಾನ್ಯವಾಗಿ ಹೌದು. ಬೇರೆ ವಿಷಯದಲ್ಲಿ ಅಲ್ಲ. ಕೆರೆಯ ಅಂಚಿನ ಬಸವನಹುಳು ಇರುವ ಕಡೆ ಮೇಯ್ದು ಕುಡಿದ ದನಗಳಿಗೆ ಯಕೃತ್ತಿನ ಹುಳು ಬರುತ್ತದೆ. ಗದ್ದದ ಕೆಳಗೆ ನೀರು ತುಂಬಿದ ಬಾವು, ಬಡಕಲು ಮೈ, ಇಳಿದ ಹಾಲು ಅದರ ಗುರುತು. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಪಾಚಿ ಕಟ್ಟಿದ್ದರೆ ಕುಡಿಸಲೇಬೇಡಿ. ಆ ನೀಲಿ ಹಸಿರು ಪಾಚಿಯ ಕೆಲವು ಜಾತಿಗಳ ವಿಷಕ್ಕೆ ದನ ಕೆಲವೇ ಗಂಟೆಗಳಲ್ಲಿ ಸಾಯಬಹುದು. 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಬೆಂಗಳೂರಿನ ಸಂಸ್ಕರಿಸಿದ ನೀರು ಅಂತರ್ಜಲ ತುಂಬಿಸಲು ಬಿಟ್ಟದ್ದು. ಅದನ್ನು ನೇರವಾಗಿ ಕುಡಿಸಲು ಬಳಸಬೇಡಿ.

ತೊಟ್ಟಿ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ಬ್ಲೀಚಿಂಗ್ ಪೌಡರ್ ಹಾಕಬಹುದಾ?

ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ, ಉಳಿದಂತೆ ವಾರಕ್ಕೊಮ್ಮೆ. ಒಳಗೋಡೆ ಬೆರಳಿಗೆ ಜಾರಿದರೆ ದಿನ ಎಣಿಸಬೇಡಿ, ಆಗಲೇ ಉಜ್ಜಿ. ತಳದಲ್ಲಿ ನೀರು ಪೂರ್ತಿ ಬಸಿದು ಹೋಗುವ ಹಾಗೆ ಒಂದು ಬಿರಡೆ ಇರಬೇಕು. ಇದಿಲ್ಲದ ತೊಟ್ಟಿಯನ್ನು ಯಾರೂ ತೊಳೆಯುವುದಿಲ್ಲ, ಅದು ಮನುಷ್ಯ ಸ್ವಭಾವ. ಒಳಗೆ ಸುಣ್ಣ ಬಳಿದರೆ ಕೊಳೆ ಬೇಗ ಕಾಣುತ್ತದೆ.

ಬ್ಲೀಚಿಂಗ್ ಪೌಡರ್ ಹೊಸದಾಗಿದ್ದರೆ 1000 ಲೀಟರಿಗೆ 4 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಗಸಿ ಕೂತ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕ್‌ಗೆ ಸುರಿಯಿರಿ, ಒಂದು ಗಂಟೆ ಬಿಟ್ಟು ಕುಡಿಸಿ. ಲೋಳೆ ಕಟ್ಟಿದ ಟ್ಯಾಂಕ್‌ಗೆ ಹಾಕಿದರೆ ಪೌಡರೆಲ್ಲ ಆ ಲೋಳೆಗೇ ಖರ್ಚಾಗುತ್ತದೆ, ಮೊದಲು ತೊಳೆಯಿರಿ.

ಎಮ್ಮೆ, ಕುರಿ, ಮೇಕೆ, ಹಂದಿಗೆ ಎಷ್ಟು?

ಕರೆಯುವ ಎಮ್ಮೆಗೆ ಹಸುವಿನಷ್ಟೇ ಇಟ್ಟುಕೊಳ್ಳಿ, ಮೈ ತೊಳೆಯುವ ನೀರು ಬೇರೆ. ಬೇಸಿಗೆಯಲ್ಲಿ ಒಣ ಮೇವು ತಿನ್ನುವ ದೊಡ್ಡ ಕುರಿ, ಮೇಕೆಗೆ ದಿನಕ್ಕೆ 4ರಿಂದ 6 ಲೀಟರ್, ಮರಿಗೆ ಹಾಲೂಡಿಸುತ್ತಿದ್ದರೆ ಇನ್ನೂ ಜಾಸ್ತಿ. ಮರಿ ಹಾಕಿದ ಹಂದಿಗೆ 20ರಿಂದ 35 ಲೀಟರ್ ಬೇಕು. ಅದಕ್ಕೆ ನೀರು ಕಡಿಮೆಯಾದರೆ ಮರಿಗಳು ಕೂಡಲೇ ಸೊರಗುತ್ತವೆ.

ಕೋಳಿಗೆ ಇದೇ ನೀರು ನಡೆಯುತ್ತಾ?

ಕೋಳಿ ಲವಣವನ್ನು ಹಸುವಿನಷ್ಟು ತಡೆಯುವುದಿಲ್ಲ. ಟಿಡಿಎಸ್ 3000 ದಾಟಿದರೆ ಹಿಕ್ಕೆ ನೀರಾಗಿ ನೆಲದ ಹೊಟ್ಟು ಒದ್ದೆಯಾಗುತ್ತದೆ, ಬೆಳವಣಿಗೆಯೂ ಕುಂಠಿತ. ತಿಂದ ಆಹಾರದ ತೂಕದ ಎರಡರಷ್ಟು ನೀರು ಕುಡಿಯುವುದು ಸಾಮಾನ್ಯ ಲೆಕ್ಕ. ನೂರು ಮೊಟ್ಟೆ ಕೋಳಿಗೆ ತಂಪು ದಿನದಲ್ಲಿ 20ರಿಂದ 25 ಲೀಟರ್, ಸುಡು ಬಿಸಿಲಿನಲ್ಲಿ ಅದರ ದುಪ್ಪಟ್ಟು. ನೀರಿನಲ್ಲಿ ಲಸಿಕೆ ಕೊಡುವುದಿದ್ದರೆ ಒಂದೆರಡು ದಿನ ಮೊದಲೇ ಬ್ಲೀಚಿಂಗ್ ಪೌಡರ್ ನಿಲ್ಲಿಸಿ, ಇಲ್ಲದಿದ್ದರೆ ಕ್ಲೋರಿನ್ ಲಸಿಕೆಯನ್ನೇ ಕೊಲ್ಲುತ್ತದೆ. ಲಸಿಕೆಯ ನೀರಿಗೆ ಲೀಟರಿಗೆ ಎರಡೂವರೆ ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿದರೆ ಉಳಿದಿರುವ ಕ್ಲೋರಿನ್ ಸಹ ತಟಸ್ಥವಾಗುತ್ತದೆ.